ತಡಸ ಕ್ರಾಸೋ, ತಡಸ ನಿಲ್ದಾಣವೋ? ಕಳಿಸಿಯಾದ ಮೇಲ್ ತಿದ್ದುವ ಬಗೆ

ಹೀಗೆ ಅಂದುಕೊಳ್ಳೋಣ. ರವಿವಾರ ಹುಬ್ಬಳ್ಳಿಯಿಂದ ಕನಕದಾಸರ ಬಾಡಕ್ಕೆ ಒಂದು ಪ್ರವಾಸ. ಗುರುವಾರ ಸಂಜೆ 310 ಮಂದಿಗೆ ಮೇಲ್ ಹೋಗಿದೆ. ಅದರಲ್ಲಿ 'ತಡಸದವರು ಬೆಳಿಗ್ಗೆ 7:30ಕ್ಕೆ ತಡಸ ಬಸ್ ನಿಲ್ದಾಣದಲ್ಲಿ ಹತ್ತಬೇಕು' ಅಂತ ಇದೆ. ಆದರೆ ಬಸ್ಸು ಹೆದ್ದಾರಿ ಬಿಟ್ಟು ಊರೊಳಗೆ ಹೋಗೋದೇ ಇಲ್ಲ, ನಿಲ್ಲೋದು ತಡಸ ಕ್ರಾಸಿನಲ್ಲಿ. ಆ ಕಡೆಯವರಿಗೆಲ್ಲ ಗೊತ್ತು, ಕ್ರಾಸ್ ಬೇರೆ, ಊರಿನ ನಿಲ್ದಾಣ ಬೇರೆ. ಮೇಲ್ ನಂಬಿ ಊರೊಳಗೆ ನಿಂತವರಿಗೆ ಬಸ್ಸು ಸಿಗೋದಿಲ್ಲ.

ಮೊದಲು ಮನಸ್ಸಿಗೆ ಬರೋದು 'ವಾಪಸ್ ತಗೋಬಹುದಾ?' ಅನ್ನೋ ಪ್ರಶ್ನೆ. ಜೀಮೇಲ್‌ನಲ್ಲಿ Undo ಗುಂಡಿ ಇದೆ. ಆದರೆ ಅದು ಮೇಲ್ ಅನ್ನು ವಾಪಸ್ ತರೋದಿಲ್ಲ, ಕಳಿಸೋದನ್ನೇ ಸ್ವಲ್ಪ ತಡ ಮಾಡುತ್ತದೆ, ಅಷ್ಟೇ. ಸೆಟ್ಟಿಂಗ್‌ನಲ್ಲಿ ಎಷ್ಟು ಹೆಚ್ಚಿಸಿದರೂ 30 ಸೆಕೆಂಡ್ ಮಾತ್ರ. ಔಟ್‌ಲುಕ್‌ನ Recall ಒಂದೇ ಸಂಸ್ಥೆಯ ಖಾತೆಗಳ ನಡುವೆ ಕೆಲಸ ಮಾಡುತ್ತದೆ, ಹೊರಗಿನ ವಿಳಾಸಗಳಿಗೆ ಹೋದದ್ದು ಹೋದದ್ದೇ. ಹಾಗಾಗಿ ಉಳಿಯೋ ದಾರಿ ಇನ್ನೊಂದು ಮೇಲ್ ಕಳಿಸೋದು.

ಅದನ್ನು ಬರೆಯೋ ಮುಂಚೆ ಹಳೆ ಮೇಲ್ ಅನ್ನು ಮೊದಲಿಂದ ಕೊನೆವರೆಗೆ ಇನ್ನೊಬ್ಬರಿಂದ ಓದಿಸಬೇಕು. ದಿನಾಂಕ, ವಾರ, ಸಮಯ, ಫೋನ್ ನಂಬರು ಎಲ್ಲವನ್ನೂ ಅವರು ನೋಡಲಿ. ಒಂದು ತಿದ್ದುಪಡಿಯನ್ನು ಜನ ಓದುತ್ತಾರೆ. ಎರಡನೆಯದು ಬಂದರೆ ಯಾವುದು ಕೊನೆಯದು ಅಂತಲೇ ಗೊಂದಲ. ಬರೀ ಕಾಗುಣಿತ ತಪ್ಪಿದ್ದರೆ ನಮ್ಮ ಪ್ರಕಾರ ಸುಮ್ಮನಿರೋದೇ ಸರಿ. ಓದಿದವರು ಮಾಡೋ ಕೆಲಸ ಬದಲಾಗುತ್ತದೆ ಅಂತಿದ್ದರೆ, ಇಲ್ಲಾ ಯಾರದೋ ಹೆಸರು ತಪ್ಪಾಗಿದ್ದರೆ ಮಾತ್ರ ತಿದ್ದಬೇಕು.

ಈಗ ಬರವಣಿಗೆ. ಜೀಮೇಲ್‌ನಲ್ಲಿ ಹಳೆ ವಿಷಯದ ಸಾಲಿನಲ್ಲೇ ಉತ್ತರ ಬರೆದರೆ ಅದು ಹಳೆ ಸಂಭಾಷಣೆಯೊಳಗೇ ಸೇರಿಕೊಳ್ಳುತ್ತದೆ. ಆಗಲೇ ಓದಿ ಮುಗಿಸಿದವರು ಅದನ್ನು ತೆರೆಯದೇ ಇರಬಹುದು. ವಿಷಯದ ಸಾಲು ಬದಲಿಸಿದರೆ ಹೊಸ ಮೇಲ್ ಆಗಿಯೇ ಕಾಣುತ್ತದೆ. ಆ ಸಾಲಿನಲ್ಲೇ ಸರಿ ಮಾಹಿತಿ ಇರಲಿ, ಮೊಬೈಲಿನಲ್ಲಿ ಬಹಳಷ್ಟು ಮಂದಿ ಓದೋದು ಅಷ್ಟೇ:

ವಿಷಯ: ತಿದ್ದುಪಡಿ: ರವಿವಾರ ಹತ್ತುವ ಜಾಗ ತಡಸ ಕ್ರಾಸ್

ರವಿವಾರ ಬೆಳಿಗ್ಗೆ 7:30ಕ್ಕೆ ಬಸ್ಸು ಹೆದ್ದಾರಿಯ ತಡಸ ಕ್ರಾಸಿನಲ್ಲಿ ನಿಲ್ಲುತ್ತದೆ. ಊರೊಳಗಿನ ಬಸ್ ನಿಲ್ದಾಣಕ್ಕೆ ಬರುವುದಿಲ್ಲ. ಗುರುವಾರದ ಮೇಲ್‌ನಲ್ಲಿ ಜಾಗವನ್ನು ತಪ್ಪಾಗಿ ಬರೆದಿದ್ದೆವು, ಕ್ಷಮಿಸಿ. ಸಮಯ ಮತ್ತು ಉಳಿದ ವಿವರ ಹಾಗೇ ಇವೆ. ಆ ಮೇಲ್ ಅನ್ನು ಯಾರಿಗಾದರೂ ಕಳಿಸಿದ್ದರೆ ಇದನ್ನೂ ಕಳಿಸಿ.

ಇಷ್ಟೇ ಸಾಕು. ಸರಿಯಾದದ್ದು ಮೊದಲು, ತಪ್ಪು ಆಮೇಲೆ, ಕ್ಷಮೆ ಒಂದೇ ಪದದಲ್ಲಿ. 'ಉಳಿದ ವಿವರ ಹಾಗೇ ಇವೆ' ಅನ್ನೋ ಸಾಲು ಬಿಟ್ಟರೆ 'ಟೈಮೂ ಬದಲಾಯ್ತಾ?' ಅಂತ ಕೇಳೋ ಮೇಲ್‌ಗಳು ಶುರುವಾಗುತ್ತವೆ. ಕೆಳಗೆ ಹಳೆ ಮೇಲ್ ಅಂಟಿಸಬಾರದು, ಅವಸರದಲ್ಲಿ ಓದೋರ ಕಣ್ಣಿಗೆ ತಪ್ಪು ಜಾಗವೇ ಮತ್ತೆ ಬೀಳುತ್ತದೆ. ಇನ್ನೊಂದು ಮಾತು: ನಮ್ಮ ಕಡೆ ನೋಟೀಸುಗಳಿಗೆ ಪ್ರಿಯವಾದ 'ಅನಿವಾರ್ಯ ಕಾರಣಗಳಿಂದ' ಇಲ್ಲಿ ಬೇಡ. ಅದನ್ನು ಓದಿದವರು ಬಸ್ಸಿನ ದಾರಿಯೇ ಬದಲಾಗಿದೆ, ನಾಳೆ ಮತ್ತೆ ಬದಲಾಗಬಹುದು ಅಂದುಕೊಳ್ಳುತ್ತಾರೆ. ಬದಲಾದದ್ದು ಏನೂ ಇಲ್ಲ, ಬರೆದದ್ದು ತಪ್ಪಿತ್ತು.

ಕಳಿಸೋವಾಗ ಹಳೆ ಪಟ್ಟಿಯನ್ನೇ, ಹಳೆ ಖಾತೆಯಿಂದಲೇ, Bcc ನಲ್ಲಿ ಹಾಕಬೇಕು. To ನಲ್ಲಿ ಹಾಕಿದರೆ ಒಬ್ಬರು Reply all ಒತ್ತಿದರೂ 310 ಮಂದಿಗೆ ಹೋಗುತ್ತದೆ. 2016ರ ನವೆಂಬರಿನಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಒಂದು ಪರೀಕ್ಷಾ ಮೇಲ್ 8 ಲಕ್ಷಕ್ಕೂ ಹೆಚ್ಚು ಖಾತೆಗಳಿಗೆ ಹೋಗಿತ್ತು. 'ನನ್ನನ್ನು ಪಟ್ಟಿಯಿಂದ ತೆಗೀರಿ' ಅಂತ ಜನ ಎಲ್ಲರಿಗೂ ಉತ್ತರಿಸಿದ್ದರಿಂದ ಇಡೀ ಮೇಲ್ ವ್ಯವಸ್ಥೆ ನಿಧಾನವಾಯ್ತು.

ಇಲ್ಲಿ ಒಂದು ಲೆಕ್ಕ ಕೈಕೊಡುತ್ತದೆ. ಸಾಮಾನ್ಯ ಜೀಮೇಲ್ ಖಾತೆಯಿಂದ ದಿನಕ್ಕೆ ಸುಮಾರು 500 ಮಂದಿಗೆ ಮಾತ್ರ ಕಳಿಸಬಹುದು. ಅವತ್ತೇ 310 ಆಗಿದ್ದರೆ ಇನ್ನೊಂದು 310 ಸೇರಿ 620, ಜೀಮೇಲ್ ತಡೆಯುತ್ತದೆ. ಹಾಗಾದಾಗ ಕಾಲೇಜು ಕೊಟ್ಟ ಖಾತೆ ಬಳಸಬೇಕು, ಅದರ ಮಿತಿ ಹೆಚ್ಚು. ಅದಿಲ್ಲದಿದ್ದರೆ ತಡಸದಲ್ಲಿ ಹತ್ತೋರಿಗೆ ಮೊದಲು ಕಳಿಸಿ, ಉಳಿದವರಿಗೆ ಮರುದಿನ. ಹುಬ್ಬಳ್ಳಿಯಲ್ಲೇ ಹತ್ತೋರಿಗೆ ಅಂಥ ಅವಸರ ಇಲ್ಲ.

ಮೇಲ್ ಹೋದ ಮೇಲೆ ವಾಟ್ಸಾಪ್ ಗುಂಪಿನ ಪೋಸ್ಟರ್, ನೋಂದಣಿ ಫಾರ್ಮಿನ ಮೇಲಿನ ಸಾಲು, ಕ್ಯಾಲೆಂಡರಿನ ಜಾಗ ಇವನ್ನೂ ಅದೇ ಹೊತ್ತಿಗೆ ತಿದ್ದಬೇಕು. ಇಲ್ಲದಿದ್ದರೆ ಶುಕ್ರವಾರ ಯಾರೋ ಹಳೆ ಪೋಸ್ಟರ್ ತೆಗೆದು ಮತ್ತೆ ಹಂಚುತ್ತಾರೆ. 'ಯಾವುದು ಖರೇ?' ಅಂತ ಕೇಳಿದವರಿಗೆ ಒಬ್ಬೊಬ್ಬರಿಗೇ ಉತ್ತರ ಕೊಟ್ಟರಾಯ್ತು. ಒಂದೇ ಪ್ರಶ್ನೆ ನಾಲ್ಕೈದು ಜನರಿಂದ ಬಂದರೆ ಮಾತ್ರ ನಮ್ಮ ಸಾಲಿನಲ್ಲೇ ಏನೋ ಅಸ್ಪಷ್ಟ ಇದೆ ಅಂತ ತಿಳಿಯಬೇಕು. ತಡಸದಲ್ಲಿ ಹತ್ತೋರ ಪಟ್ಟಿ ಹೇಗೂ ಫಾರ್ಮಿನಲ್ಲಿ ಇರುತ್ತದೆ. ಶನಿವಾರ ಸಂಜೆ ಅವರಿಗೆ ಒಂದೊಂದು ಫೋನ್ ಮಾಡಿ 'ಕ್ರಾಸಿಗೆ ಬರ್ರಿ' ಅಂದುಬಿಡೋದು ಒಳ್ಳೇದು.