ಹಾಸು ಯಾವುದು, ಹೊಕ್ಕು ಯಾವುದು?

ಉಡುಪಿ ಸೀರೆಯನ್ನು ಒಗೆಯಲು ಯಾರೂ ಯಾರಿಗೂ ಹೇಳಿಕೊಟ್ಟದ್ದಿಲ್ಲ. ಹಾಸೂ ಹತ್ತಿ, ಹೊಕ್ಕೂ ಹತ್ತಿ. ಬಾವಿಕಟ್ಟೆಯ ಪಕ್ಕದ ಕಲ್ಲಿಗೆ ನಾಲ್ಕು ಬಡಿತ, ಬೆಳ್ತಿಗೆ ಅಕ್ಕಿಯ ತಿಳಿಗಂಜಿಯಲ್ಲೊಂದು ಮುಳುಗು, ಅಂಗಳದ ಹಗ್ಗದ ಮೇಲೆ ಬಿಸಿಲು. ಕಾಪುವಿನ ನಮ್ಮ ಮನೆಯಲ್ಲಿ ಅಮ್ಮ ಮೂವತ್ತು ವರ್ಷ ಹೀಗೆಯೇ ಒಗೆದರು, ಸೀರೆಗಳೂ ಸುಮ್ಮನೆ ಒಗೆಸಿಕೊಂಡವು. ಅದೇ ಕೈ, ಅದೇ ಕಲ್ಲು, ಅದೇ ಗಂಜಿ ಹತ್ತಿ–ರೇಷ್ಮೆಯ ಸೀರೆಗೂ ಹತ್ತಿ–ಲಿನನ್ ಸೀರೆಗೂ ತಗಲಿದಾಗ ತಾಪತ್ರಯ ಶುರುವಾಯಿತು.

ಈಗ ಮಣಿಪಾಲದಲ್ಲಿ ಪಾಠ ಮಾಡುವವರ ಮೈಮೇಲೂ ಕಾರ್ಕಳದ ಮದುವೆ ಮನೆಗಳಲ್ಲೂ ಈ ಎರಡು ಬಗೆಯ ಮಿಶ್ರ ಸೀರೆಗಳನ್ನು ಧಾರಾಳವಾಗಿ ಕಾಣುತ್ತೇವೆ. ಇವು ನಮ್ಮ ಕರಾವಳಿಯ ಮಗ್ಗದವಲ್ಲ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘವಾಗಲಿ, ಅವರ ಜೊತೆ ಉಡುಪಿ ಸೀರೆಯನ್ನು ಎತ್ತಿ ನಿಲ್ಲಿಸಿದ ಕಾರ್ಕಳದ ಕದಿಕೆ ಟ್ರಸ್ಟ್ ಆಗಲಿ ಹೆಸರು ಮಾಡಿದ್ದು ಹತ್ತಿಯಲ್ಲೇ. ಹತ್ತಿ–ರೇಷ್ಮೆ ಚಂದೇರಿ, ಮಹೇಶ್ವರಗಳಿಂದ ಬರುತ್ತದೆ. ನಮ್ಮದೇ ರಾಜ್ಯದ ಇಳಕಲ್‌ನಿಂದಲೂ ಬರುತ್ತದೆ. ಹತ್ತಿ–ಲಿನನ್ ಹೆಚ್ಚಾಗಿ ಬಂಗಾಳದ ಕಡೆಯದು. ಅಂಗಡಿಯವರು ಎರಡನ್ನೂ ಒಂದೇ ಕಪಾಟಿನಲ್ಲಿಟ್ಟು "ಕಾಟನ್ ಮಿಕ್ಸ್" ಎಂದುಬಿಡುತ್ತಾರೆ. ಆದರೆ ಎರಡು ಮಿಶ್ರಣಗಳ ಸ್ವಭಾವ ಬೇರೆಯೇ.

ಹತ್ತಿ ಎಂದರೆ ಬೀಜಕ್ಕೆ ಅಂಟಿದ ಕೂದಲು. ಲಿನನ್ ಎಂದರೆ ಅಗಸೆ ಗಿಡದ ಕಾಂಡದಿಂದ ಬಿಡಿಸಿದ ನಾರು. ಎರಡೂ ಗಿಡದ ಸೆಲ್ಯುಲೋಸ್, ಹಾಗಾಗಿ ದೊಡ್ಡಪ್ಪ–ಚಿಕ್ಕಪ್ಪನ ಮಕ್ಕಳಿದ್ದಂತೆ. ರೇಷ್ಮೆ ಹುಳು ಉಗುಳಿದ ಪ್ರೋಟೀನು. ಅದರ ನೆಂಟಸ್ತಿಕೆ ನಮ್ಮ ತಲೆಕೂದಲಿನ ಜೊತೆ. ಹತ್ತಿ–ಲಿನನ್ ಸೋದರಿಕೆಯ ಸಂಬಂಧವಾದರೆ ಹತ್ತಿ–ರೇಷ್ಮೆ ಜಾತಿ ಬಿಟ್ಟ ಮದುವೆ. ಒಗೆಯುವಾಗ ನೆನಪಿಡಬೇಕಾದದ್ದು ಮುಖ್ಯವಾಗಿ ಇದನ್ನೇ.

ನೇಕಾರ ಇದನ್ನು ಮಗ್ಗದ ಮೇಲೆ ಕೈಯಿಂದಲೇ ಬಲ್ಲ. ಪ್ರತಿ ಸಲ ಲಾಳಿ ಹಾಯಿಸಲು ಹಾಸಿನ ಎಳೆಗಳು ಮೇಲೆ ಕೆಳಗೆ ಬಾಯಿ ತೆರೆಯಬೇಕು, ಆಗ ಅವು ಎಳೆದುಕೊಳ್ಳುತ್ತವೆ. ಒಂದು ಮೀಟರಿನ ಲೆಕ್ಕದಲ್ಲಿ ಹೇಳುವುದಾದರೆ ರೇಷ್ಮೆಯ ಎಳೆ ಹರಿಯುವ ಮುನ್ನ ಸುಮಾರು 20 ಸೆಂಟಿಮೀಟರ್ ಹಿಗ್ಗುತ್ತದೆ, ಹತ್ತಿ ಆರೇಳು, ಲಿನನ್ ಬರೀ ಎರಡು ಮೂರು. ನಯವೂ ಗಟ್ಟಿಯೂ ಆದ ರೇಷ್ಮೆಯನ್ನು ಚಂದೇರಿ, ಮಹೇಶ್ವರಗಳಲ್ಲಿ ಹಾಸಿಗೆ ಹಾಕಿ, ಹತ್ತಿಯನ್ನು ಹೊಕ್ಕಾಗಿ ನೇಯುವ ರೂಢಿ ಬಂದದ್ದು ಇದರಿಂದಲೇ. ಲಿನನ್ ಬಗ್ಗದ ಹಟಮಾರಿ. ಹತ್ತಿಯ ಹಾಸು ಹೂಡಿ ಲಿನನ್ನನ್ನು ಲಾಳಿಗೆ ಕೊಟ್ಟರೆ ಎಳೆ ಹರಿಯುವ ಕಾಟ ಕಡಿಮೆ. ಒಣ ಹವೆಯಲ್ಲಿ ಅದು ಇನ್ನೂ ಪೆಡಸು, ತೇವ ಸಿಕ್ಕರೆ ಮೆತ್ತಗಾಗುತ್ತದೆ. ಕಾಪುವಿನ ಕಡಲ ಗಾಳಿ ಅದಕ್ಕೆ ಹೇಳಿ ಮಾಡಿಸಿದ್ದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನಡುವೆ ಕೌಂಟಿನ ಮಾತು ಹೇಳಿಬಿಡುತ್ತೇನೆ, ಅಂಗಡಿಯಲ್ಲಿ ಹಲವರು ಬೇಸ್ತು ಬೀಳುವುದು ಇಲ್ಲಿ. "100 ಕೌಂಟ್ ಲಿನನ್" ಎಂದೊಡನೆ 80ರ ಹತ್ತಿಗಿಂತ ನವುರು ಎಂದುಕೊಳ್ಳುತ್ತೇವೆ. ಒಂದು ಪೌಂಡು ನೂಲಿನಲ್ಲಿ 840 ಗಜದ ಎಷ್ಟು ಲಡಿ ಬರುತ್ತವೆ ಎಂಬುದು ಹತ್ತಿಯ ಲೆಕ್ಕ. ಲಿನನ್‌ಗೆ ಲಡಿ ಎಂದರೆ 300 ಗಜ ಮಾತ್ರ. ಆದ್ದರಿಂದ 100ರ ಲಿನನ್ ಹತ್ತಿಯ ಲೆಕ್ಕದಲ್ಲಿ ಸುಮಾರು 36. ಸೀರೆ ಕಳಪೆಯೆಂದಲ್ಲ, ನೂಲು ದಪ್ಪ, ನಡುನಡುವೆ ಗಂಟುಗಂಟು, ಮತ್ತು ಆ ಗಂಟೇ ಅದರ ಚೆಲುವು.

ಇನ್ನು ಒಗೆತ. ನೀರು ಕುಡಿದ ಹತ್ತಿ ಒಣಗಿದ್ದಕ್ಕಿಂತ ಗಟ್ಟಿಯಾಗುತ್ತದೆ, ಲಿನನ್ನೂ ಹಾಗೆಯೇ. ಅಮ್ಮನ ಕಲ್ಲಿನ ಬಡಿತವನ್ನು ಉಡುಪಿ ಸೀರೆ ತಾಳಿಕೊಂಡದ್ದರ ಗುಟ್ಟು ಇದು. ರೇಷ್ಮೆ ತದ್ವಿರುದ್ಧ: ಒದ್ದೆಯಾದಾಗ ತನ್ನ ಬಲದಲ್ಲಿ ಆರನೆಯ ಒಂದು ಪಾಲಿನಷ್ಟನ್ನು ಕಳೆದುಕೊಳ್ಳುತ್ತದೆ. ಹೀಗಾಗಿ ಹತ್ತಿ–ರೇಷ್ಮೆಯನ್ನು ಕಲ್ಲಿಗೆ ಬಡಿದರೆ, ಹಿಂಡಿ ತಿರುಚಿದರೆ, ಒಂದು ಎಳೆ ಗಟ್ಟಿಯಾಗುವ ಹೊತ್ತಿಗೇ ಪಕ್ಕದ ಎಳೆ ಸೋಲುತ್ತದೆ. ಬಟ್ಟೆ ಸೋಪಿನ ಪುಡಿಯ ಕ್ಷಾರವನ್ನು ಹತ್ತಿ ಲೆಕ್ಕಿಸುವುದಿಲ್ಲ, ರೇಷ್ಮೆಯನ್ನು ಅದು ತಿನ್ನುತ್ತದೆ. ಬಿಳುಪಿಗೆ ಹಾಕುವ ಬ್ಲೀಚು ಅದಕ್ಕೆ ವಿಷವೇ. ಅಂಟುವಾಳದ ನೊರೆ, ತಣ್ಣೀರು, ಎರಡೇ ನಿಮಿಷ, ಆಮೇಲೆ ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು ನೆರಳಲ್ಲಿ ಹರಡುವುದು, ಇಷ್ಟು ಸಾಕು. ಅರ್ಧದಷ್ಟು ಹತ್ತಿಯೇ ಇದ್ದರೂ ಒಗೆಯುವಾಗ ಅದನ್ನು ರೇಷ್ಮೆ ಎಂದೇ ತಿಳಿಯಬೇಕು. ಕಂಕುಳ ಬೆವರು ಒಣಗಲು ಬಿಡುವುದೂ ಅದಕ್ಕೆ ಕೇಡು.

ಕಾರ್ಕಳದ ನಮ್ಮ ಚಿಕ್ಕಮ್ಮನ ಇಳಕಲ್ ಸೀರೆಯ ಕಥೆ ಕೇಳಿ. ಅದರ ಮೈಯ ಹಾಸು ಹತ್ತಿ, ಅಂಚಿನ ಹಾಸು ರೇಷ್ಮೆ, ಸೆರಗಿನದೂ ರೇಷ್ಮೆ. ಸೆರಗಿನ ಹಾಸನ್ನು ಮೈಯ ಹಾಸಿಗೆ ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸುವುದನ್ನು ಅಲ್ಲಿ ಟೋಪ್ ತೆನಿ ಎನ್ನುತ್ತಾರೆ; ಆ ಕೆಲಸ ಕಂಡರೆ ಸೀರೆ ತೊಳೆಯಲು ಕೈಯೇ ಬರುವುದಿಲ್ಲ. ಚಿಕ್ಕಮ್ಮ ಬಿಸಿನೀರಿನಲ್ಲಿ ರಾತ್ರಿಯೆಲ್ಲ ನೆನೆಸಿಟ್ಟರು. ಒಣಗಿದ ಮೇಲೆ ಅಂಚು ಹಪ್ಪಳದ ಬದಿಯಂತೆ ಅಲೆಯಲೆಯಾಗಿತ್ತು. ಅಂಚು ಹಿಗ್ಗಿತು ಎಂದು ಅವರ ದೂರು. ಹಿಗ್ಗಿದ್ದಲ್ಲ, ಮೈ ಕುಗ್ಗಿದ್ದು. ಐದೂವರೆ ಮೀಟರಿನ ಸೀರೆಯ ಹತ್ತಿ ನೂರಕ್ಕೆ ಮೂರರಷ್ಟು ಕುಗ್ಗಿದರೂ 16 ಸೆಂಟಿಮೀಟರು ಹೋಯಿತು. ರೇಷ್ಮೆಯ ಅಂಚು ಅಷ್ಟು ಕುಗ್ಗದೆ ಉಳಿದು ಸುಕ್ಕುಗಟ್ಟಿತು. ಹಾಸು ಪೂರಾ ರೇಷ್ಮೆ, ಹೊಕ್ಕು ಹತ್ತಿಯಾಗಿದ್ದರೆ ಕುಗ್ಗುವುದು ಅಗಲದಲ್ಲಿ, ನಿರಿಗೆ ಹಿಡಿದಾಗ ಗೊತ್ತೂ ಆಗುವುದಿಲ್ಲ. ಚಿಕ್ಕಮ್ಮನ ಸೀರೆಯನ್ನು ಮತ್ತೆ ತೇವ ಮಾಡಿ, ಇಬ್ಬರು ಹಿಡಿದು ಮೈಯನ್ನು ಉದ್ದಕ್ಕೆ ಮೆಲ್ಲಗೆ ಎಳೆದು, ಅಂಚಿನ ಮೇಲೆ ಬಟ್ಟೆ ಹಾಸಿ ಹದ ಬಿಸಿಯ ಇಸ್ತ್ರಿ ಆಡಿಸಿದೆವು. ಮುಕ್ಕಾಲು ಪಾಲು ಸರಿಹೋಯಿತು.

ಹತ್ತಿ–ಲಿನನ್‌ಗೆ ಒಗೆತದ ಭಯವಿಲ್ಲ, ಎರಡಕ್ಕೂ ಒಂದೇ ಸೋಪು ನಡೆಯುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ಅದರ ಸಂಕಟ ಇರುವುದು ಮಡಿಕೆಯಲ್ಲಿ. ಹಿಗ್ಗದ ನಾರು ಬಗ್ಗಿಸಿದರೆ ಮರಳಿ ನೆಟ್ಟಗಾಗುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಉಟ್ಟು ಹೊರಟ ಸೀರೆ ಮಣಿಪಾಲದ ಬಸ್ಸಿನಿಂದ ಇಳಿಯುವಷ್ಟರಲ್ಲಿ ಸುಕ್ಕು. ಆ ಸುಕ್ಕನ್ನು ಒಪ್ಪಿಕೊಂಡೇ ಉಡಬೇಕು. ಕಪಾಟಿನಲ್ಲಿ ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಚಿಟ್ಟರೆ ನಾರು ಆ ಗೆರೆಯಲ್ಲೇ ಮುರಿಯುತ್ತಾ ಬರುತ್ತದೆ. ಬೆಳಕಿಗೆ ಹಿಡಿದರೆ ಮಡಿಕೆಯ ಉದ್ದಕ್ಕೆ ಸವೆದ ತೆಳು ಗೆರೆ ಕಾಣುತ್ತದೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇನ್ನೂ ತೇವವಿರುವಾಗಲೇ ಚೆನ್ನಾಗಿ ಕಾದ ಇಸ್ತ್ರಿ ಹಾಕಿ. ಗಂಜಿ ಮಾತ್ರ ಬೇಡ. ಮೊದಲೇ ಪೆಡಸಾದ ನಾರನ್ನು ಗಂಜಿ ಇನ್ನಷ್ಟು ಪೆಡಸು ಮಾಡುತ್ತದೆ. ಆಟಿ ತಿಂಗಳ ಮಳೆಯಲ್ಲಿ ಬೂಸ್ಟು ಮೊದಲು ಹಿಡಿಯುವುದೂ ಗಂಜಿ ಹಾಕಿದ ಸೀರೆಗೇ.

ಕೊಳ್ಳುವಾಗ ಸೆರಗಿನ ಕುಚ್ಚಿನಿಂದ ಒಂದು ಎಳೆ, ಬದಿಯಿಂದ ಅಡ್ಡ ಎಳೆ ಒಂದು ಕೇಳಿ ತನ್ನಿ. ಮೊದಲನೆಯದು ಹಾಸು, ಎರಡನೆಯದು ಹೊಕ್ಕು. ಬೆಂಕಿಗೆ ಹಿಡಿದರೆ ರೇಷ್ಮೆ ಸುಟ್ಟ ಕೂದಲಿನ ವಾಸನೆ ಬೀರಿ ಬೆರಳಲ್ಲಿ ಪುಡಿಯಾಗುವ ಕರಿ ಗುಂಡು ಬಿಡುತ್ತದೆ. ಕಾಗದದ ವಾಸನೆ ಬಂದರೆ ಅದು ರೇಷ್ಮೆಯ ಹೆಸರಿನ ಕೃತಕ ನೂಲಿರಬಹುದು. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಹತ್ತಿಯೂ ಲಿನನ್ನೂ ಸುಟ್ಟಾಗ ಒಂದೇ ವಾಸನೆ, ಬೆಂಕಿಯಿಂದ ಅವೆರಡನ್ನು ಬೇರ್ಪಡಿಸಲಾಗದು. ಅಲ್ಲಿ ಗಂಟುಗಂಟಾದ ಎಳೆಯನ್ನೂ ಮುಟ್ಟಿದಾಗಿನ ತಂಪನ್ನೂ ನಂಬಬೇಕು. ಆಮೇಲೆ ಫಾಲ್ ಹೊಲಿಸುವ ಮುನ್ನ ಫಾಲ್ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಕೊಡಿ. ಹೊಲಿದ ಮೇಲೆ ಅದು ಕುಗ್ಗಿದರೆ ಎಷ್ಟೇ ಒಳ್ಳೆಯ ಸೀರೆಯಾದರೂ ಕೆಳಗಿನ ಅಂಚು ಮುದುಡಿ ನಿಲ್ಲುತ್ತದೆ, ಆಗ ಬೈಗುಳ ಬೀಳುವುದು ನೇಕಾರನಿಗೆ.