ಸೊನ್ನೆ ಸಿಕ್ಕರೆ ಸಾಲದು, ಚಿಹ್ನೆ ಬದಲಾಗಬೇಕು

ಪಿಯುಸಿ ಗಣಿತ ಓದಿದವರಿಗೆ ಒಂದು ಮಾತು ಬಾಯಿಪಾಠವಾಗಿರುತ್ತದೆ: ಡೆರಿವೇಟಿವ್ ಸೊನ್ನೆಯಾದ ಕಡೆ ಗರಿಷ್ಠ ಇಲ್ಲವೇ ಕನಿಷ್ಠ ಇರುತ್ತದೆ. ಇದು ಅರ್ಧ ಸತ್ಯ. ಉಳಿದರ್ಧವನ್ನು ಒಂದು ಲೆಕ್ಕ ಮಾಡಿಯೇ ನೋಡೋಣ.

ಡೆರಿವೇಟಿವ್ ಎಂದರೆ ಗ್ರಾಫಿನ ಆಯಾ ಬಿಂದುವಿನಲ್ಲಿರುವ ಓರೆ. ಅದು ಧನವಾಗಿದ್ದರೆ ಎಡದಿಂದ ಬಲಕ್ಕೆ ಹೋಗುವಾಗ ಗ್ರಾಫ್ ಏರುತ್ತದೆ, ಋಣವಾಗಿದ್ದರೆ ಇಳಿಯುತ್ತದೆ. f(x) = 3x⁵ − 5x³ ಎಂಬ ಫಂಕ್ಷನ್ ತೆಗೆದುಕೊಳ್ಳಿ. ಇದರ ಡೆರಿವೇಟಿವ್ 15x⁴ − 15x². ಇದನ್ನು ಹೀಗೇ ಬಿಟ್ಟರೆ ಏನೂ ಕಾಣುವುದಿಲ್ಲ, ಅಪವರ್ತಿಸಬೇಕು:

f′(x) = 15x²(x − 1)(x + 1)

ಈಗ ಸೊನ್ನೆಯಾಗುವ ಜಾಗಗಳು ಎದ್ದು ಕಾಣುತ್ತವೆ: −1, 0, 1. ಈ ಮೂರು ಬಿಂದುಗಳು ಸಂಖ್ಯಾರೇಖೆಯನ್ನು ನಾಲ್ಕು ತುಂಡು ಮಾಡುತ್ತವೆ. ಪ್ರತಿ ತುಂಡಿನಿಂದ ಒಂದೇ ಒಂದು ಸಂಖ್ಯೆ ಆರಿಸಿ ಪರೀಕ್ಷಿಸಿದರೆ ಸಾಕು. ಇಲ್ಲಿ ಡೆರಿವೇಟಿವ್ ಎಲ್ಲೂ ಕಡಿಯದೆ ಸಾಗುವುದರಿಂದ, ಸೊನ್ನೆಯನ್ನು ಮುಟ್ಟದೆ ಅದರ ಚಿಹ್ನೆ ಬದಲಾಗದು. ಬೆಲೆ ಎಷ್ಟು ಎಂಬ ಗೋಜೂ ಬೇಡ, ಚಿಹ್ನೆ ಮಾತ್ರ ನೋಡಿ.

x = −2 ಹಾಕಿದರೆ ಎರಡೂ ಆವರಣಗಳು ಋಣ, ಗುಣಲಬ್ಧ ಧನ. ಅಂದರೆ −1ರವರೆಗೆ ಗ್ರಾಫ್ ಏರುತ್ತದೆ. x = −½ ಹಾಕಿದರೆ ಒಂದು ಆವರಣ ಋಣ, ಇನ್ನೊಂದು ಧನ; ಒಟ್ಟು ಋಣ, ಗ್ರಾಫ್ ಇಳಿಯುತ್ತದೆ. x = ½ಕ್ಕೂ ಅದೇ ಉತ್ತರ, ಇಳಿಕೆಯೇ. x = 2ಕ್ಕೆ ಮತ್ತೆ ಧನ, 1ರಿಂದಾಚೆ ಏರಿಕೆ.

−1ರಲ್ಲಿ ಧನ ಹೋಗಿ ಋಣ ಬಂತು, ಆದ್ದರಿಂದ ಅದು ಸ್ಥಳೀಯ ಗರಿಷ್ಠ, ಬೆಲೆ 2. 1ರಲ್ಲಿ ಋಣ ಹೋಗಿ ಧನ ಬಂತು, ಅದು ಸ್ಥಳೀಯ ಕನಿಷ್ಠ, ಬೆಲೆ −2. ಸೊನ್ನೆಯ ಕಥೆಯೇ ಬೇರೆ. ಅದರ ಎರಡೂ ಬದಿಯಲ್ಲಿ ಇಳಿಕೆಯೇ. ಗ್ರಾಫ್ ಅಲ್ಲಿ ಕ್ಷಣಮಾತ್ರ ಸಮತಟ್ಟಾಗಿ, ಮತ್ತೆ ಇಳಿಯುತ್ತದೆ. ಗರಿಷ್ಠವೂ ಇಲ್ಲ, ಕನಿಷ್ಠವೂ ಇಲ್ಲ. ಕಾರಣ ಆ x² ಎಂಬ ಅಪವರ್ತನ: ವರ್ಗ ಎಂದೂ ಋಣವಾಗದು, ಹಾಗಾಗಿ ಸೊನ್ನೆಯನ್ನು ದಾಟಿದರೂ ಚಿಹ್ನೆ ತಿರುಗುವುದಿಲ್ಲ. ಎರಡನೇ ಡೆರಿವೇಟಿವ್ ಇಲ್ಲಿ ನೆರವಿಗೆ ಬರುವುದಿಲ್ಲ; x = 0 ಹಾಕಿದರೆ ಅದೂ ಸೊನ್ನೆಯೇ.

ಸೊನ್ನೆಯಾಗುವ ಜಾಗಗಳನ್ನಷ್ಟೇ ಹುಡುಕುವುದು ಇನ್ನೊಂದು ತಪ್ಪು. |x| ಎಂಬ ಫಂಕ್ಷನ್‌ಗೆ x = 0ರಲ್ಲಿ ಡೆರಿವೇಟಿವ್ ಇಲ್ಲವೇ ಇಲ್ಲ, ಗ್ರಾಫ್ ಅಲ್ಲಿ ಚೂಪಾಗಿ ಮಡಚಿದೆ. ಆದರೂ ಎಡಕ್ಕೆ ಋಣ, ಬಲಕ್ಕೆ ಧನ. ಕನಿಷ್ಠ ಅಲ್ಲೇ ಇದೆ. ಗ್ರಾಫ್ ಅಲ್ಲಿ ಕಡಿಯದೆ ಇದ್ದರಾಯಿತು, ಪರೀಕ್ಷೆ ನಡೆಯುತ್ತದೆ.

‘ಸ್ಥಳೀಯ’ ಎಂಬ ಪದವನ್ನು ಮಾತ್ರ ಉತ್ತರದಲ್ಲಿ ಬಿಡಬೇಡಿ. ನಮ್ಮ ಫಂಕ್ಷನ್‌ನ ಸ್ಥಳೀಯ ಗರಿಷ್ಠ 2 ಎಂದೆವಲ್ಲ, x = 2 ಹಾಕಿ ನೋಡಿ: ಬೆಲೆ 56.