ಲಡಾಖ್ ಪ್ರವಾಸ: ಲೆಕ್ಕ ಹಾಕಬೇಕಾದ್ದು ಮಲಗುವ ಎತ್ತರವನ್ನು

ಬೆಳಗಿನ ಜಾವ ಬೆಂಗಳೂರು ಬಿಟ್ಟು, ದೆಹಲಿಯಲ್ಲಿ ವಿಮಾನ ಬದಲಿಸಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಲೇಹ್‌ನಲ್ಲಿರಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಲೇಹ್ 3,500 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್ ದಾಟುವುದಿಲ್ಲ. ನಮ್ಮ ದೇಹ ಹಿಂದೆಂದೂ ಕಾಣದ ಎತ್ತರಕ್ಕೆ ಅರ್ಧ ದಿನದಲ್ಲಿ ಏರಿರುತ್ತೇವೆ.

ಗಾಳಿಯಲ್ಲಿ ಆಮ್ಲಜನಕದ ಪಾಲು ಎರಡೂ ಊರುಗಳಲ್ಲಿ ಶೇ 21. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಹಾಗಾಗಿ ಲೇಹ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲ ತೀರದಲ್ಲಿ ಸಿಗುವುದರ ಸುಮಾರು ಮೂರನೇ ಎರಡರಷ್ಟು ಮಾತ್ರ. ಕೊರತೆ ತುಂಬಲು ದೇಹ ಜೋರಾಗಿ ಉಸಿರಾಡುತ್ತದೆ. ಆಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಮಿದುಳು ಅದನ್ನು ಕಂಡು ಉಸಿರಿಗೆ ಕಡಿವಾಣ ಹಾಕುತ್ತದೆ. ಮೂತ್ರಪಿಂಡಗಳು ಹೆಚ್ಚುವರಿ ಕ್ಷಾರವನ್ನು ಮೂತ್ರದಲ್ಲಿ ಹೊರಹಾಕಿದ ಮೇಲೆಯೇ ಆ ಕಡಿವಾಣ ಸಡಿಲವಾಗುವುದು. ಈ ಕೆಲಸಕ್ಕೆ ಕೆಲವು ದಿನ ಬೇಕು. ದಿನಾ ಹತ್ತು ಕಿಲೋಮೀಟರ್ ಓಡುವವರಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಮೈಯಲ್ಲಿ ಕಸುವಿದೆ ಎಂದು ಮೊದಲ ದಿನವೇ ಓಡಾಡುವ ಯುವಕರು ಹಾಸಿಗೆ ಹಿಡಿಯುವುದು ಇದಕ್ಕೇ.

ತೊಂದರೆ ವಿಮಾನ ಇಳಿದ ಕೂಡಲೇ ಕಾಣುವುದಿಲ್ಲ. ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆಗಳ ನಂತರ ತಲೆನೋವು ಶುರುವಾಗುತ್ತದೆ. ಜೊತೆಗೆ ವಾಕರಿಕೆ, ಸುಸ್ತು, ತಲೆಸುತ್ತು. ನಮ್ಮವರು ಇದನ್ನು ಗ್ಯಾಸ್ ಎಂದೋ ಪ್ರಯಾಣದ ಆಯಾಸ ಎಂದೋ ತಳ್ಳಿಹಾಕುತ್ತಾರೆ. ಎತ್ತರಕ್ಕೆ ಹೋದ ಮೇಲೆ ಬಂದ ತಲೆನೋವನ್ನು, ಬೇರೆ ಕಾರಣ ಖಚಿತವಾಗುವ ತನಕ, ಎತ್ತರದ್ದೇ ಎಂದು ತಿಳಿಯಬೇಕು.

ಹಾಗಾದರೆ ಎಷ್ಟು ದಿನ ಬೇಕು? ಇಲ್ಲಿ ಲೆಕ್ಕಕ್ಕೆ ಬರುವುದು ಹಗಲು ನೋಡಿಬಂದ ಜಾಗದ ಎತ್ತರಕ್ಕಿಂತ ಹೆಚ್ಚಾಗಿ ರಾತ್ರಿ ಮಲಗಿದ ಜಾಗದ ಎತ್ತರ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಎರಡು ರಾತ್ರಿ ಕಳೆಯಬೇಕು ಎಂಬುದು ವೈದ್ಯರ ಸೂತ್ರ. ನಮ್ಮ ಸೇನೆಯಂತೂ 2,700ರಿಂದ 3,600 ಮೀಟರ್ ಎತ್ತರಕ್ಕೆ ಬಂದ ಸೈನಿಕರಿಗೆ ಮೊದಲ ಹಂತದಲ್ಲೇ ಆರು ದಿನ ಕೊಡುತ್ತದೆ. ನಮ್ಮ ಅನೇಕ ಪ್ಯಾಕೇಜುಗಳು ಕೊಡುವುದು ಒಂದೇ ದಿನ!

ಎಂಟು ರಾತ್ರಿಗಳಿದ್ದರೆ ನಾನು ಹೀಗೆ ಹಂಚುತ್ತೇನೆ. ಮೊದಲ ಮೂರು ರಾತ್ರಿ ಲೇಹ್‌ನಲ್ಲೇ. ಮೊದಲ ದಿನ ಕೋಣೆ ಬಿಟ್ಟು ಕದಲುವುದಿಲ್ಲ. ಎರಡನೇ ದಿನ ಮಾರುಕಟ್ಟೆಯ ತನಕ ನಿಧಾನ ನಡಿಗೆ, ಮೂರನೇ ದಿನ ಕಾರಿನಲ್ಲಿ ಆಲ್ಚಿಗೆ ಹೋಗಿ ಬರುವುದು. ಆಲ್ಚಿ ಲೇಹ್‌ಗಿಂತ ತಗ್ಗಿನಲ್ಲಿದೆ. ಈ ಮೂರು ದಿನ ಮದ್ಯವಾಗಲಿ ನಿದ್ದೆ ಮಾತ್ರೆಯಾಗಲಿ ಬೇಡ, ರಾತ್ರಿ ಉಸಿರಾಟವನ್ನು ಅವು ಇನ್ನಷ್ಟು ಕುಂದಿಸುತ್ತವೆ. ನಾಲ್ಕು ಮತ್ತು ಐದನೇ ರಾತ್ರಿ ನುಬ್ರಾ ಕಣಿವೆ. ದಾರಿಯ ಖಾರ್ದುಂಗ್ ಲಾ ಸುಮಾರು 5,360 ಮೀಟರ್ ಇದ್ದರೂ ಅಲ್ಲಿ ಹದಿನೈದು ನಿಮಿಷ ನಿಂತು ಇಳಿದುಬಿಡುತ್ತೇವೆ. ಮಲಗುವ ಹುಂಡರ್ ಇರುವುದು ಸುಮಾರು 3,100 ಮೀಟರಿನಲ್ಲಿ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ನುಬ್ರಾದಿಂದ ನೇರ ಪಾಂಗೊಂಗ್ ಸರೋವರಕ್ಕೆ ಹೋಗಿ ಡೇರೆಯಲ್ಲಿ ಮಲಗಿದರೆ ಅದು 4,250 ಮೀಟರ್, ಒಂದೇ ದಿನದಲ್ಲಿ ಸಾವಿರಕ್ಕೂ ಹೆಚ್ಚು ಮೀಟರ್ ಜಿಗಿತ. ಅಲ್ಲಿ ಯಾರಿಗಾದರೂ ಕಾಯಿಲೆ ಬಿದ್ದರೆ ಲೇಹ್‌ಗೆ ಮರಳುವ ಹತ್ತಿರದ ದಾರಿ ಚಾಂಗ್ ಲಾ ಕಣಿವೆಮಾರ್ಗವನ್ನು ಏರಿಯೇ ಇಳಿಯಬೇಕು. ಆದ್ದರಿಂದ ಆರನೇ ರಾತ್ರಿ ದಾರಿಯಲ್ಲೇ ಸಿಗುವ ತಾಂಗ್‌ತ್ಸೆಯಲ್ಲಿ ಉಳಿಯುತ್ತೇನೆ. ಅದು ಸರೋವರಕ್ಕಿಂತ ಸುಮಾರು 300 ಮೀಟರ್ ಕೆಳಗಿದೆ. ಸರೋವರವನ್ನು ಮರುದಿನ ಹಗಲಲ್ಲಿ ನೋಡಿ ಲೇಹ್‌ಗೆ ಬಂದರೆ ಕೊನೆಯ ಎರಡು ರಾತ್ರಿ ನಿರಾಳ.

ರಸ್ತೆಯಲ್ಲಿ ಬರುವವರಿಗೆ ಶ್ರೀನಗರದ ದಾರಿ ಒಳ್ಳೆಯದು, ಕಾರ್ಗಿಲ್‌ನಲ್ಲಿ ಸುಮಾರು 2,700 ಮೀಟರಿನಲ್ಲಿ ಒಂದು ರಾತ್ರಿ ಸಿಗುತ್ತದೆ. ಮನಾಲಿಯಿಂದ ಬಂದು 4,290 ಮೀಟರಿನ ಸರ್ಚುವಿನಲ್ಲಿ ಮಲಗುವುದು ತಪ್ಪು ಆಯ್ಕೆ.

ಅಸೆಟಜೋಲಮೈಡ್ ಮಾತ್ರೆ ಮೂತ್ರಪಿಂಡಗಳ ಆ ಕೆಲಸವನ್ನೇ ಚುರುಕುಗೊಳಿಸುತ್ತದೆ. ಏರುವ ಹಿಂದಿನ ದಿನದಿಂದ ಶುರುಮಾಡುವ ಈ ಮಾತ್ರೆಯನ್ನು ವೈದ್ಯರನ್ನು ಕೇಳದೆ, ವಿಶೇಷವಾಗಿ ಸಲ್ಫಾ ಅಲರ್ಜಿ ಇದ್ದವರು, ತೆಗೆದುಕೊಳ್ಳಬಾರದು.

ತಲೆನೋವು ಇರುವವರೆಗೆ ಇನ್ನೂ ಮೇಲೆ ಹೋಗಬೇಡಿ. ಸುಮ್ಮನೆ ಕೂತಿದ್ದರೂ ಏದುಸಿರು, ಬಿಡದ ಕೆಮ್ಮು, ನೀಲಿಯಾದ ತುಟಿ ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಮಾತು ತೊದಲಿದರೆ, ಹಿಮ್ಮಡಿಗೆ ಬೆರಳು ತಾಗಿಸುತ್ತ ಗೆರೆಯ ಮೇಲೆ ನೇರ ನಡೆಯಲಾಗದಿದ್ದರೆ ಮಿದುಳು ಊದಿಕೊಳ್ಳುತ್ತಿದೆ ಎಂದೇ ತಿಳಿಯಬೇಕು. ಆಗ ಬೆಳಗಾಗುವ ತನಕ ಕಾಯಬೇಡಿ, ರಾತ್ರಿಯೇ ಕೆಳಗಿಳಿಸಿ. ಆಮ್ಲಜನಕದ ಸಿಲಿಂಡರ್ ಇಳಿಯಲು ಸಮಯ ಕೊಡುತ್ತದೆ, ಇಳಿಯುವುದಕ್ಕೆ ಬದಲಿಯಲ್ಲ.

ಮುಂಗಡ ಹಣ ಕೊಡುವ ಮೊದಲು ಟ್ರಾವೆಲ್ಸ್‌ನವರಿಂದ ಪ್ರತಿ ರಾತ್ರಿ ಮಲಗುವ ಊರಿನ ಎತ್ತರವನ್ನು ಬರೆಸಿಕೊಳ್ಳಿ. ಲೇಹ್‌ನಲ್ಲಿ ಮೊದಲಿಗೆ ಎರಡು ರಾತ್ರಿಯೂ ಇಲ್ಲದ ಪ್ಯಾಕೇಜಿಗೆ ಒಪ್ಪಬೇಡಿ.